‘ಬಂದರೂ’ ಎಂಬ ಮಾತೂ ಇಂಗ್ಲಿಷಿನ ವಿರೋಧಾರ್ಥಕ ಪದಗಳೂ

ಪುತ್ತೂರು, ಸುಳ್ಯ, ಕಡಬಗಳ ಕಡೆಯ ವಿದ್ಯಾರ್ಥಿಯು ‘ಮಳೆ ಬಂದರೂ ನಾವು ಶಾಲೆಗೆ ಹೋದೆವು’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸುವಾಗ ‘ಆಲ್ದೋ ಇಟ್ ರೇನ್ಡ್, ಬಟ್ ವಿ ವೆಂಟ್ ಟು ಸ್ಕೂಲ್’ ಎಂದು ಬರೆಯುವುದುಂಟು. ಇದನ್ನು ಅಜಾಗ್ರತೆಯೆಂದು ಭಾವಿಸಿ ಕೆಂಪು ಶಾಯಿಯ ಗೀಟೆಳೆದರೆ ಸಾಲದು. ತಪ್ಪಿನ ಬೇರು ಮನೆಮಾತಿನಲ್ಲಿದೆ.

‘ಬಂದರೆ’ ಎಂಬ ರೂಪಕ್ಕೆ ‘ಊ’ ಸೇರಿ ‘ಬಂದರೂ’ ಆಗಿದೆ. ತುಳುವಿನ ‘ಬರ್ಸ ಬತ್ತ್‌ಂಡಲಾ’ ಎಂಬುದರ ಕಟ್ಟೂ ಇದೇ. ವಿರೋಧದ ಗುರುತು ಕ್ರಿಯಾಪದದ ತುದಿಯಲ್ಲಿ, ಅಂದರೆ ಎರಡು ಮಾತುಗಳ ನಡುವೆ ಬರುತ್ತದೆ. ಆ ಎಡೆಯಲ್ಲಿ ವಿದ್ಯಾರ್ಥಿಯು ‘ಬಟ್’ ಇಡುತ್ತಾನೆ; ‘ಆಲ್ದೋ’ ಮೊದಲಿಗೆ ಬರಬೇಕೆಂದು ಕಲಿತಿರುವುದರಿಂದ ಅದನ್ನೂ ಬಿಡುವುದಿಲ್ಲ. ಒಂದೇ ವಿರೋಧಕ್ಕೆ ಎರಡು ಗುರುತುಗಳಾದುವು. ಎರಡರಲ್ಲಿ ಯಾವುದನ್ನು ತೆಗೆದರೂ ವಾಕ್ಯ ಸರಿಯಾಗುತ್ತದೆ.

ಇನ್ನೊಂದು ತೊಡಕಿದೆ. ‘ಮಳೆ ಬಂದರೂ ಹೋದೆವು’ ಎಂಬಲ್ಲಿ ಮಳೆ ಬಂದಾಗಿದೆ. ‘ಮಳೆ ಬಂದರೂ ಹೋಗುತ್ತೇವೆ’ ಎಂಬಲ್ಲಿ ಅದು ಇನ್ನೂ ಬಾರದಿರಬಹುದು. ಮೊದಲನೆಯದಕ್ಕೆ ‘ಆಲ್ದೋ’, ಎರಡನೆಯದಕ್ಕೆ ‘ಈವನ್ ಇಫ್’. ಕೊನೆಯ ಕ್ರಿಯಾಪದವನ್ನು ನೋಡದೆ ಪದವನ್ನು ಆರಿಸಲಾಗದು.

‘ಆಲ್ದೋ’ ಎಂಬುದರ ಮುಂದೆ ಕರ್ತೃ, ಕ್ರಿಯೆಗಳುಳ್ಳ ಇಡೀ ವಾಕ್ಯ ಬರುತ್ತದೆ. ‘ಡಿಸ್ಪೈಟ್’ ಎಂಬುದಕ್ಕೆ ನಾಮಪದವೇ ಬೇಕು: ‘ಡಿಸ್ಪೈಟ್ ದ ರೇನ್, ವಿ ವೆಂಟ್’. ‘ಡಿಸ್ಪೈಟ್ ಇಟ್ ರೇನ್ಡ್’ ಎಂಬುದು ತಪ್ಪು. ‘ಇನ್ ಸ್ಪೈಟ್ ಆಫ್’ ಎಂಬುದರ ಅರ್ಥವೂ ನಿಯಮವೂ ಇವೇ. ಅದರ ‘ಆಫ್’ ಜಾರಿಬಂದು ‘ಡಿಸ್ಪೈಟ್ ಆಫ್’ ಎಂಬ ಅಪರೂಪವು ಹುಟ್ಟುತ್ತದೆ. ಕ್ರಿಯೆಯನ್ನು ಹೇಳಲೇಬೇಕಾದರೆ ಅದು ‘ಇಂಗ್’ ರೂಪ ತಾಳಬೇಕು. ಶಿವರಾಮ ಕಾರಂತರು 1902ರಲ್ಲಿ ಕೋಟದಲ್ಲಿ ಹುಟ್ಟಿಯೂ ಬಹುಕಾಲ ಪುತ್ತೂರಿನಲ್ಲಿ ನೆಲೆಸಿದರು: ‘ಡಿಸ್ಪೈಟ್ ಬೀಯಿಂಗ್ ಬಾರ್ನ್ ಇನ್ ಕೋಟ, ಕಾರಂತ್ ಲಿವ್ಡ್ ಇನ್ ಪುತ್ತೂರ್’. ಇಲ್ಲಿ ಹುಟ್ಟಿದವರೂ ನೆಲೆಸಿದವರೂ ಒಬ್ಬರೇ. ‘ಡಿಸ್ಪೈಟ್ ರೇನಿಂಗ್, ವಿ ವೆಂಟ್’ ಎಂದರೆ ಮಳೆ ಸುರಿಸಿದವರು ನಾವೇ ಆಗಿಬಿಡುತ್ತೇವೆ! ಅಂಥಲ್ಲಿ ‘ಆಲ್ದೋ’ ಎಂಬುದೇ ಹಗುರ.

ಈ ‘ಡಿಸ್ಪೈಟ್’ ಪತ್ರಿಕೆಗಳ ಕನ್ನಡಕ್ಕೂ ‘ಮಳೆಯ ಹೊರತಾಗಿಯೂ’ ಎಂಬ ವೇಷದಲ್ಲಿ ನುಸುಳಿದೆ. ‘ಹೊರತು’ ಎಂದರೆ ಬಿಟ್ಟು ಎಂದರ್ಥ; ‘ಮಳೆಯಿದ್ದರೂ’ ಎಂಬ ಸೊಗಸಾದ ಮಾತಿರುವಾಗ ಅದೇಕೆ ಬೇಕೋ ತಿಳಿಯದು.

‘ವೇರ್ಆ್ಯಸ್’ ಎಂಬುದರ ಮುಂದೆಯೂ ಇಡೀ ವಾಕ್ಯವೇ ಬರುತ್ತದೆ; ಆದರೆ ಅದರ ಕೆಲಸ ಬೇರೆ. ಸುಳ್ಯದ ಪಯಸ್ವಿನಿಯು ಚಂದ್ರಗಿರಿಯೆಂಬ ಹೆಸರಿನಿಂದ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಕುಮಾರಧಾರೆಯಾದರೋ ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡುತ್ತದೆ. ಇಲ್ಲಿ ಒಂದು ನದಿಯ ಗತಿಯು ಇನ್ನೊಂದಕ್ಕೆ ಅಡ್ಡಿಯಲ್ಲ, ಯಾವ ನಿರೀಕ್ಷೆಯೂ ಮುರಿದಿಲ್ಲ. ಎರಡನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಲಾಗಿದೆ, ಅಷ್ಟೆ. ನಡುವೆ ‘ಹಾಗಿದ್ದರೂ’ ಎಂದು ಸೇರಿಸಿ ನೋಡಿದರೆ ಅದು ಒಗ್ಗುವುದಿಲ್ಲ. ಒಗ್ಗದಿರುವ, ‘ಆದರೋ’ ಎಂಬುದಷ್ಟೇ ಒಪ್ಪುವ ಇಂಥ ಎಡೆಯೇ ‘ವೇರ್ಆ್ಯಸ್’ ಎಂಬುದರ ತಾವು.