ಬೋರ್ಡಿನ ಫೋಟೊ ನೋಡಿ ನಡೆ ಹೇಳುವ ಮುನ್ನ

ಚೆಸ್ ಬೋರ್ಡಿನ ಫೋಟೊ ತೆಗೆದು ‘ಏನು ಆಡಲಿ?’ ಎಂದಷ್ಟೇ ಬರೆದು ಕಳಿಸುತ್ತಾರೆ. ಆಟ ಬಲ್ಲವರೂ ಇಲ್ಲಿ ಎಡವುತ್ತಾರೆ. ಅವರ ಲೆಕ್ಕ ಸರಿಯಿರುತ್ತದೆ, ಚಿತ್ರವನ್ನು ಓದಿದ್ದು ತಪ್ಪಿರುತ್ತದೆ.

ಮೊದಲು ಆಟ ಮುಗಿದಿದೆಯೇ ಎಂದು ಕೇಳಿ. ಟೂರ್ನಿಯ ಆಟ ಇನ್ನೂ ನಡೆಯುತ್ತಿದ್ದರೆ ಉತ್ತರಿಸಲೇಬೇಡಿ. ಆಡುವಾಗ ಹೊರಗಿನವರ ಸಲಹೆ ಪಡೆಯುವುದು ಫಿಡೆ ನಿಯಮಕ್ಕೆ ವಿರುದ್ಧ.

ಆಮೇಲೆ ಚಿತ್ರದಲ್ಲಿ ನಿಮ್ಮ ಕಡೆಗಿರುವ ಬಲ ಮೂಲೆಯ ಮನೆ ನೋಡಿ. ಆಟಗಾರ ಕೂತ ಕಡೆಯಿಂದ ತೆಗೆದ ಫೋಟೊ ಆದರೆ ಅದು ಬಿಳಿ ಮನೆಯಾಗಿರಬೇಕು. ಕಪ್ಪಾಗಿದ್ದರೆ ಫೋಟೊ ಪಕ್ಕದಿಂದ ತೆಗೆದದ್ದು, ಇಲ್ಲವೇ ಬೋರ್ಡನ್ನೇ ಅಡ್ಡ ಇಟ್ಟಿದ್ದಾರೆ.

ಮೂಲೆ ಸರಿಯಿದ್ದರೂ ಕೇಳಿದವರು ಯಾವ ಬಣ್ಣ ಎಂಬುದು ಗೊತ್ತಾಗುವುದಿಲ್ಲ. ಹತ್ತಿರ ಕಾಣುವ ಕಾಯಿಗಳೇ ಅವರವು ಎಂದು ಎಲ್ಲರೂ ಊಹಿಸುತ್ತಾರೆ. ಆದರೆ ಎದುರಾಳಿಯ ಬೆನ್ನ ಹಿಂದೆ ನಿಂತ ಅಪ್ಪ ಫೋಟೊ ತೆಗೆದಿರಬಹುದು. ಈ ಒಂದು ಊಹೆಯೇ ಬಹಳಷ್ಟು ಉತ್ತರಗಳನ್ನು ಕೆಡಿಸುತ್ತದೆ.

ಒಂದು ಸ್ಥಿತಿ ನೋಡೋಣ. ಬಿಳಿಯ ರಾಜ ಜಿ1ರಲ್ಲಿ, ಆನೆ ಡಿ3ರಲ್ಲಿ, ಪಾನ್‌ಗಳು ಡಿ2, ಎಫ್2, ಜಿ2, ಎಚ್2ರಲ್ಲಿ. ಕಪ್ಪಿನ ರಾಜ ಜಿ8ರಲ್ಲಿ, ಆನೆ ಬಿ6ರಲ್ಲಿ, ಪಾನ್‌ಗಳು ಎಫ್7, ಜಿ7, ಎಚ್7ರಲ್ಲಿ. ಬಿಳಿಯ ಸರದಿಯಾದರೆ ಆನೆ ಡಿ8ಕ್ಕೆ ಹೋದರೆ ಚೆಕ್‌ಮೇಟ್. ರಾಜನಿಗೆ ತನ್ನ ಪಾನ್‌ಗಳೇ ಗೋಡೆ, ಬಿ6ರ ಆನೆಗೆ ಅಡ್ಡ ಬರಲು ದಾರಿಯಿಲ್ಲ. ಕಪ್ಪಿನ ಸರದಿಯಾದರೆ ಆನೆ ಬಿ1ಕ್ಕೆ, ಅದೂ ಚೆಕ್‌ಮೇಟ್. ಬಿಳಿಯ ಆನೆ ಡಿ1ಕ್ಕೆ ಇಳಿದು ತಡೆಯೋಣವೆಂದರೆ ಡಿ2ರ ಪಾನ್ ಬಿಡುವುದಿಲ್ಲ. ಒಂದೇ ಫೋಟೊ, ಎರಡು ಬೇರೆ ಗೆಲುವು. ಬಣ್ಣ ಕೇಳದೆ ಡಿ8 ಎಂದವರ ಉತ್ತರ ಕಪ್ಪು ಆಡುತ್ತಿದ್ದವರಿಗೆ ಯಾವ ಉಪಯೋಗಕ್ಕೂ ಬಾರದು. ಕೇಳಲು ಆಗದಿದ್ದರೆ ಎರಡನ್ನೂ ಬರೆಯಿರಿ: ‘ನೀವು ಬಿಳಿಯಾದರೆ ಡಿ8, ಕಪ್ಪಾದರೆ ಬಿ1’.

ಇದೇ ಚಿತ್ರವನ್ನು ತಲೆಕೆಳಗಾಗಿ ಓದಿದರೆ ಬಿಳಿಯ ನಾಲ್ಕು ಪಾನ್‌ಗಳು ಏಳನೇ ಸಾಲಿನಲ್ಲಿ, ರಾಣಿಯಾಗಲು ಒಂದೇ ಹೆಜ್ಜೆ ದೂರದಲ್ಲಿ ಇದ್ದಂತೆ ಕಾಣುತ್ತವೆ. ಎರಡೂ ಕಡೆಯ ಪಾನ್‌ಗಳು ಹೀಗೆ ಕೊನೆ ಮುಟ್ಟುವಂತಿದ್ದರೆ ನೀವು ತಿರುಗುಮುರುಗಾಗಿ ಓದುತ್ತಿದ್ದೀರಿ ಎಂದು ಅನುಮಾನಿಸಿ.

ಮೇಲಿನಿಂದ ತೆಗೆದ ಫೋಟೊದಲ್ಲಿ ಒಂಟೆಯೂ ಪಾನೂ ಒಂದೇ ಥರ ಕಾಣುತ್ತವೆ. ಅನುಮಾನವಿದ್ದರೆ ಓರೆಯಾಗಿ ತೆಗೆದ ಇನ್ನೊಂದು ಫೋಟೊ ಕೇಳಿ. ರಾಜ ಹಿಂದೆ ಕದಲಿದ್ದನೋ ಇಲ್ಲವೋ ಚಿತ್ರ ಹೇಳುವುದಿಲ್ಲ, ಹಾಗಾಗಿ ಕೇಳದೆ ಕ್ಯಾಸ್ಲಿಂಗ್ ಸೂಚಿಸಬೇಡಿ. ಎನ್‌ಪಾಸಾಂಗೆ ಕೊನೆಯ ನಡೆ ತಿಳಿದಿರಬೇಕು. ಉತ್ತರವನ್ನು ‘ಡಿ3ರ ಆನೆ ಡಿ8ಕ್ಕೆ’ ಎಂದು ಹೊರಟ ಮನೆ ಸಮೇತ ಬರೆಯಿರಿ. ನೀವು ಬೋರ್ಡನ್ನು ತಪ್ಪು ಓದಿದ್ದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ.