ಗೋಡೆಯ ಮೇಲಿನ ಲೇಖನ ಚಿಹ್ನೆಗಳು

ತಾಳೆಯೋಲೆಯ ಲಿಪಿಕಾರರು ಒಂಟಿಗೆರೆ, ಜೋಡಿಗೆರೆಗಳಿಂದಲೇ ಕೆಲಸ ಸಾಗಿಸುತ್ತಿದ್ದರು. ಇಂದಿನ ಚಿಹ್ನೆಗಳು 19ನೆಯ ಶತಮಾನದಲ್ಲಿ ಅಚ್ಚುಕೂಟದೊಡನೆ ಕನ್ನಡದಲ್ಲಿ ನೆಲೆಗೊಂಡವು. ಇವು ಮರೆಯದಿರಲೆಂದು, ಚಿಹ್ನೆಗೊಂದು ವಾಕ್ಯದಂತೆ ಪಟವೊಂದನ್ನು ಬರೆದು ತರಗತಿಯ ಗೋಡೆಗೆ ತೂಗಹಾಕಿದ್ದೇವೆ.

“ಗಾಡಿ ಬಂತು.” ಇದು ಪೂರ್ಣವಿರಾಮ, ಸುದ್ದಿ ಮುಗಿಯಿತು. “ಗಾಡಿ ಬಂತು!” ಎಂಬುದು ಕುರ್ಲಾ ನಿಲ್ದಾಣದಲ್ಲಿ ಬಹಳ ಹೊತ್ತು ಕಾದವನ ಉದ್ಗಾರ. “ಗಾಡಿ ಬಂತೆ?” ಎಂಬಲ್ಲಿ ಕೊನೆಯ ಎಕಾರವೇ ಪ್ರಶ್ನೆಯನ್ನು ಸೂಚಿಸುತ್ತದೆ, “ಗಾಡಿ ಬಂತು?” ಎಂದು ಬರೆದರೆ ಆ ಭಾರವೆಲ್ಲ ಚಿಹ್ನೆಯದೇ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಅಲ್ಪವಿರಾಮದಲ್ಲಿ. “ರಾಮನು ನಗುತ್ತ ಓಡುವ ಹುಡುಗನನ್ನು ಕರೆದನು.” ಇಲ್ಲಿ ನಕ್ಕವರಾರು? “ನಗುತ್ತ” ಎಂಬುದಾದ ಮೇಲೆ ಅಲ್ಪವಿರಾಮವಿಟ್ಟರೆ ನಕ್ಕವನು ರಾಮ. “ರಾಮನು” ಎಂಬುದಾದ ಮೇಲಿಟ್ಟರೆ ನಕ್ಕವನು ಹುಡುಗ.

ಇನ್ನು ಉದ್ಧರಣ ಚಿಹ್ನೆ. ಕನ್ನಡದಲ್ಲಿ “ಎಂದಳು” ಎಂಬ ಪದವು ಮಾತು ಎಲ್ಲಿ ಮುಗಿಯಿತೆಂದು ತಿಳಿಸುತ್ತದೆ, ಎಲ್ಲಿ ತೊಡಗಿತೆಂದು ತಿಳಿಸದು. ಪಟದಲ್ಲಿರುವುದು ಹೀಗೆ:

ಅಮ್ಮ ಬೆಳಿಗ್ಗೆ, “ಹೊರಡು” ಎಂದಳು.
ಅಮ್ಮ, “ಬೆಳಿಗ್ಗೆ ಹೊರಡು” ಎಂದಳು.

ಮೊದಲನೆಯದರಲ್ಲಿ ಬೆಳಿಗ್ಗೆ ಹೇಳಿದ್ದು; ಎರಡನೆಯದರಲ್ಲಿ ಬೆಳಿಗ್ಗೆ ಹೊರಡಬೇಕಾದದ್ದು.

ಬರೆದ ವಾಕ್ಯವನ್ನು ಪಕ್ಕದವನಿಂದ ಗಟ್ಟಿಯಾಗಿ ಓದಿಸಿರಿ. ನೀವೆಣಿಸಿದ ಕಡೆ ನಿಲ್ಲದೆ ಅವನು ಬೇರೆಡೆ ನಿಂತರೆ, ಚಿಹ್ನೆ ತಪ್ಪಿದುದು ಅಲ್ಲಿಯೇ.