ಕಸಬರಿಗೆ ಯಾರ ಕೈಯಲ್ಲಿದೆ? ಮೌಲ್ಯಶಿಕ್ಷಣವನ್ನು ಅಳೆಯುವ ಬಗೆ, ಹಂತ ಹಂತವಾಗಿ

‘ಶಾಲೆಯನ್ನು ಸ್ವಚ್ಛವಾಗಿಡುವುದು ಯಾರ ಕರ್ತವ್ಯ?’ ಎಂದು ಆರನೇ ತರಗತಿಯಲ್ಲಿ ಕೇಳಿ ನೋಡಿ. ‘ನಮ್ಮೆಲ್ಲರ ಕರ್ತವ್ಯ’ ಎಂಬ ಉತ್ತರ ಇಡೀ ತರಗತಿಯಿಂದ ಒಂದೇ ರಾಗದಲ್ಲಿ ಬರುತ್ತದೆ. ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರಿಗೂ ಪೂರ್ತಿ ಅಂಕ. ಮರುದಿನ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಅದೇ ತರಗತಿಯ ಬಾಗಿಲಲ್ಲಿ ನಿಂತು ಕಸಬರಿಗೆ ಯಾರ ಕೈಯಲ್ಲಿದೆ ಎಂದು ನೋಡಿ. ಬಹಳಷ್ಟು ಶಾಲೆಗಳಲ್ಲಿ ಅದು ಹುಡುಗಿಯರ ಕೈಯಲ್ಲೇ ಇರುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ, 2009ರ 29ನೇ ಕಲಮು ಪಠ್ಯಕ್ರಮ ಸಂವಿಧಾನದ ಮೌಲ್ಯಗಳಿಗೆ ಅನುಗುಣವಾಗಿರಬೇಕು ಎನ್ನುತ್ತದೆ. ಮಗು ತಿಳಿದುಕೊಂಡದ್ದನ್ನು ಬಳಸುವ ಸಾಮರ್ಥ್ಯವನ್ನೂ ನಿರಂತರ ಹಾಗೂ ವ್ಯಾಪಕವಾಗಿ ಮೌಲ್ಯಮಾಪನ ಮಾಡಬೇಕು ಎನ್ನುವುದೂ ಅದೇ ಕಲಮು. ಆದರೆ ಸಿಸಿಇ ಕಡತದ ಸಹಪಠ್ಯ ಭಾಗವನ್ನು ವರ್ಷದ ಕೊನೆಯಲ್ಲಿ ಒಂದೇ ಸಂಜೆ ಕೂತು ತುಂಬಿದರೆ ಆ ಸಾಮರ್ಥ್ಯ ಕಣ್ಣಿಗೆ ಬೀಳುವುದಿಲ್ಲ. ಮೊದಲ ಬಾರಿ ಈ ಕೆಲಸಕ್ಕೆ ಕೈ ಹಾಕುವ ಶಿಕ್ಷಕರಿಗೆ ಒಂದು ದಾರಿ ಇಲ್ಲಿದೆ. ಉದಾಹರಣೆಗೆ ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಮಲಪನಗುಡಿಯಂಥ ಊರಿನ ಒಂದು ಆರನೇ ತರಗತಿಯನ್ನು ಊಹಿಸಿಕೊಳ್ಳೋಣ: 28 ಮಕ್ಕಳು, 15 ಹುಡುಗರು, 13 ಹುಡುಗಿಯರು. ಮಕ್ಕಳನ್ನು ಹಾಜರಿ ನಂಬರಿನಿಂದಲೇ ಗುರುತಿಸೋಣ. ನಿಮ್ಮ ಟಿಪ್ಪಣಿ ಪುಸ್ತಕದಲ್ಲೂ ಹಾಗೆಯೇ ಮಾಡಿ. ಪುಸ್ತಕ ಮೇಜಿನ ಮೇಲೆ ಮರೆತುಹೋದರೂ ಯಾವ ಮಗುವಿಗೂ ಕೆಟ್ಟ ಹೆಸರು ಬರುವುದಿಲ್ಲ.

ಹಂತ 1: ಒಂದೇ ಮೌಲ್ಯ, ಅದೂ ಕಣ್ಣಿಗೆ ಕಾಣುವಷ್ಟು

ಪ್ರಾಮಾಣಿಕತೆ, ದಯೆ, ಸಹಕಾರ, ದೇಶಪ್ರೇಮ ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋದರೆ ಯಾವುದೂ ಕೈಗೆ ಸಿಗದು. ಎರಡು ತಿಂಗಳಿಗೆ ಒಂದನ್ನು ಆರಿಸಿಕೊಳ್ಳಿ. ನಮ್ಮ ತರಗತಿಗೆ ‘ಕೆಲಸವನ್ನು ನ್ಯಾಯವಾಗಿ ಹಂಚಿಕೊಳ್ಳುವುದು’ ಇರಲಿ. ಈಗ ಅದನ್ನು ನಡೆಗೆ ಇಳಿಸಿ. ಮಗು ತನ್ನ ಪಾಳಿಯನ್ನು ಹೇಳಿಸಿಕೊಳ್ಳದೆ ಮಾಡುತ್ತದೆಯೇ? ಯಾರಿಗೂ ಬೇಡವಾದ ಕೆಲಸವನ್ನೂ ಒಪ್ಪುತ್ತದೆಯೇ, ಇಲ್ಲ ಇನ್ನೊಬ್ಬರ ತಲೆಗೆ ಕಟ್ಟುತ್ತದೆಯೇ? ಹಂಚಿಕೆ ಸರಿಯಿಲ್ಲ ಎನಿಸಿದಾಗ ಬಾಯಿ ಬಿಟ್ಟು ಹೇಳುತ್ತದೆಯೇ? ಈ ಮೂರು ಪ್ರಶ್ನೆ ಸಾಕು. ‘ಸಹಕಾರ ಮನೋಭಾವವಿದೆ’ ಎಂಬುದನ್ನು ಕಣ್ಣಿನಿಂದ ನೋಡಲಾಗದು. ಕಸಬರಿಗೆಯನ್ನು ಪಕ್ಕದವಳ ಕೈಗೆ ತುರುಕಿ ಓಡಿದ್ದನ್ನು ನೋಡಬಹುದು.

ಹಂತ 2: ಆಯ್ಕೆಗೆ ಜಾಗ ಬಿಡಿ

ನೀವೇ ಪಾಳಿ ಪಟ್ಟಿ ಬರೆದು ಗೋಡೆಗೆ ಅಂಟಿಸಿದರೆ ಮಕ್ಕಳು ನಿಮ್ಮ ಮಾತು ಕೇಳುತ್ತಾರೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಅದು ವಿಧೇಯತೆಯ ಅಳತೆ. ಆದ್ದರಿಂದ ಮೊದಲ ಹತ್ತು ದಿನ ಹಂಚಿಕೆಯನ್ನು ಮಕ್ಕಳಿಗೇ ಬಿಡಿ. ಬೋರ್ಡಿನ ಮೇಲೆ ಆರು ಕೆಲಸ ಬರೆಯಿರಿ: ಕಸ ಹೊಡೆಯುವುದು, ಬೋರ್ಡ್ ಒರೆಸುವುದು, ಕುಡಿಯುವ ನೀರು ತುಂಬಿಡುವುದು, ಗಿಡಕ್ಕೆ ನೀರು ಹಾಕುವುದು, ಗಂಟೆ ಹೊಡೆಯುವುದು, ಬಿಸಿಯೂಟದ ಸಾಲು ನೋಡಿಕೊಳ್ಳುವುದು. ‘ನೀವೇ ಮಾತಾಡಿಕೊಂಡು ಹೆಸರು ಬರೆಯಿರಿ’ ಎಂದಷ್ಟೇ ಹೇಳಿ. ಶೌಚಾಲಯ ತೊಳೆಯುವುದು ಈ ಪಟ್ಟಿಯಲ್ಲಿ ಬರಲೇಬಾರದು. ಮಕ್ಕಳಿಂದ ಅದನ್ನು ಮಾಡಿಸುವಂತಿಲ್ಲ.

ಇದಕ್ಕೆ ಅಂಕವಿದೆ ಎಂದು ಸಾರಬೇಡಿ. ಸಾರಿದರೆ ನೀವು ಒಳಗೆ ಬಂದ ಕೂಡಲೇ ಮೂರು ಕಸಬರಿಗೆಗಳು ಒಟ್ಟಿಗೆ ಏಳುತ್ತವೆ, ನೀವು ಹೊರಗೆ ಹೋದರೆ ಮೂರೂ ಮೂಲೆ ಸೇರುತ್ತವೆ. ಹಾಗಾದ ದಿನದ ಟಿಪ್ಪಣಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಮ್ಮ ತರಗತಿಯಲ್ಲಿ ಮೊದಲ ದಿನ ಹೀಗಾಯಿತು ಎನ್ನೋಣ. ಗಂಟೆ ಹೊಡೆಯಲು ನಾಲ್ವರು ಹುಡುಗರ ನಡುವೆ ಜಗಳ. ಕಸ ಹೊಡೆಯುವ ಸಾಲಿನಲ್ಲಿ ಐದು ಹೆಸರು, ಐದೂ ಹುಡುಗಿಯರದು. ತಿದ್ದಲು ಕೈ ತುರಿಸುತ್ತದೆ, ತಡೆದುಕೊಳ್ಳಿ. ಆ ಪಟ್ಟಿಯನ್ನು ಹಾಗೆಯೇ ನಕಲು ಮಾಡಿಕೊಳ್ಳಿ. ಮುಂದೆ ಬದಲಾವಣೆ ಆಗಿದೆಯೇ ಎಂದು ಹೋಲಿಸಲು ನಿಮಗೆ ಇರುವ ಆಧಾರ ಅದೊಂದೇ.

ಹಂತ 3: ದಿನಕ್ಕೆ ಮೂವರು, ಮಗುವಿಗೆ ಮೂರು ಸಾಲು

28 ಮಕ್ಕಳನ್ನು ಒಂದೇ ದಿನ ಗಮನಿಸಲಾಗದು. ದಿನಕ್ಕೆ ಮೂವರಂತೆ ನೋಡಿದರೆ ಹತ್ತು ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. 40 ಶಾಲಾ ದಿನಗಳಲ್ಲಿ ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ಸಂದರ್ಭ ಬೇರೆಯಾಗಲಿ: ಒಮ್ಮೆ ಕೋಣೆಯ ಕೆಲಸ, ಒಮ್ಮೆ ಬಿಸಿಯೂಟ, ಒಮ್ಮೆ ಆಟದ ಬಯಲು, ಒಮ್ಮೆ ಗುಂಪು ಚಟುವಟಿಕೆ.

ಸಂದರ್ಭ ಬದಲಿಸುವುದಕ್ಕೆ ಕಾರಣವಿದೆ. 1920ರ ದಶಕದಲ್ಲಿ ಅಮೆರಿಕದ ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಸಂಶೋಧಕರು ಸುಮಾರು ಹನ್ನೊಂದು ಸಾವಿರ ಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿದರು. ಅವರು ಪ್ರಾಮಾಣಿಕತೆ ಎಂದರೇನು ಎಂದು ಕೇಳಿ ಸುಮ್ಮನಾಗಲಿಲ್ಲ. ಮೋಸ ಮಾಡಲು ಅವಕಾಶವಿರುವ ಸನ್ನಿವೇಶಗಳನ್ನೇ ಒಡ್ಡಿದರು. ತಮ್ಮ ಉತ್ತರ ಪತ್ರಿಕೆಯನ್ನು ತಾವೇ ತಿದ್ದಿಕೊಳ್ಳುವುದು ಅಂಥದ್ದೊಂದು. 1928ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ಕಡೆ ಪ್ರಾಮಾಣಿಕವಾಗಿದ್ದ ಮಗು ಇನ್ನೊಂದು ಕಡೆಯೂ ಹಾಗೆಯೇ ಇರುತ್ತದೆ ಎಂದು ಹೇಳಲು ಬರುವಂತಿರಲಿಲ್ಲ. ಹಾಗಾಗಿ ಒಂದೇ ಜಾಗದಲ್ಲಿ ಒಂದೇ ಸಲ ನೋಡಿ ಮಗುವಿನ ಗುಣವನ್ನು ತೀರ್ಮಾನಿಸುವಂತಿಲ್ಲ.

ಟಿಪ್ಪಣಿಯಲ್ಲಿ ತೀರ್ಪು ಬರೆಯಬೇಡಿ, ಕಂಡದ್ದನ್ನು ಬರೆಯಿರಿ. ‘7: ಸೋಮಾರಿ, ಸಹಕಾರ ಇಲ್ಲ’ ಎಂಬುದು ಕೆಟ್ಟ ಟಿಪ್ಪಣಿ. ಒಳ್ಳೆಯದು ಹೀಗಿರುತ್ತದೆ: ‘7: ಬೆಳಗ್ಗೆ, ಕೋಣೆ. ಗಂಟೆ ಹೊಡೆಯಲು ಹೆಸರು ಬರೆಸಿದ. ಕಸಬರಿಗೆ ಕೊಟ್ಟಾಗ, ಅದು ಹುಡುಗೀರ ಕೆಲಸ ಎಂದು ಹೇಳಿ ಬೆಂಚಿನ ಮೇಲೆ ಕೂತ.’ ಆ ಸಂಜೆಯೇ ಬರೆದುಬಿಡಿ. ವಾರ ಬಿಟ್ಟು ಬರೆದರೆ ಘಟನೆ ಮರೆತು, ಆ ಹುಡುಗನ ಬಗ್ಗೆ ಮೊದಲೇ ಇದ್ದ ಅಭಿಪ್ರಾಯವಷ್ಟೇ ಉಳಿದಿರುತ್ತದೆ.

ಹಂತ 4: ಕಾರಣ ಕೇಳಿ

ನಡೆ ಒಂದೇ ಇದ್ದರೂ ಅದರ ಹಿಂದಿನ ಕಾರಣ ಬೇರೆಬೇರೆ ಇರಬಹುದು. 19ನೇ ನಂಬರಿನ ಹುಡುಗಿ ಎಲ್ಲ ಸುತ್ತಿನಲ್ಲೂ ಹೇಳುವ ಮುಂಚೆಯೇ ಕಸ ಹೊಡೆದಿರುತ್ತಾಳೆ. ನಡೆಯನ್ನು ಮಾತ್ರ ನೋಡಿದರೆ ಅವಳಿಗೆ ಅತಿ ಮೇಲಿನ ಗ್ರೇಡ್ ಬೀಳುತ್ತದೆ. ಅದಕ್ಕೇ ಪ್ರತಿ ಮಗುವಿನ ಜೊತೆ ಐದು ನಿಮಿಷ ಮಾತಾಡಬೇಕು. ಮಾತಿಗೆ ಸಿದ್ಧ ಉತ್ತರವಿಲ್ಲದ ಒಂದು ಸಂಗತಿಯನ್ನು ಇಡಿ: ‘ಕಸ ಹೊಡೆಯುವ ಪಾಳಿ ಇರುವ ಹುಡುಗಿ ಅಮ್ಮನ ಜೊತೆ ಬಾಳೆ ತೋಟದ ಕೆಲಸಕ್ಕೆ ಹೋಗಿದ್ದಾಳೆ, ಬಂದಿಲ್ಲ. ಅವಳ ಕೆಲಸ ಯಾರು ಮಾಡಬೇಕು?’

ಉತ್ತರ ಬಂದ ಮೇಲೆ ಒಂದೇ ಒಂದು ಅಂಶ ಬದಲಿಸಿ ಮತ್ತೆ ಕೇಳಿ: ‘ಅವಳ ಬದಲು ಒಬ್ಬ ಹುಡುಗ ಕ್ರಿಕೆಟ್ ಆಡಲು ಹೋಗಿ ಬಂದಿಲ್ಲ. ಆಗ?’ ಬಾಯಿಪಾಠದ ಉತ್ತರ ಎರಡೂ ಸಲ ಒಂದೇ ಇರುತ್ತದೆ: ‘ಎಲ್ಲರೂ ಸೇರಿ ಮಾಡಬೇಕು ಸರ್.’ ನಿಜವಾಗಿ ಯೋಚಿಸುವ ಮಗು ಅಲ್ಲಿ ತಡೆಯುತ್ತದೆ. ‘ಅವಳು ಬೇಕಂತ ತಪ್ಪಿಸಿಲ್ಲ, ಅವನು ತಪ್ಪಿಸಿದ್ದಾನೆ. ಅವನು ನಾಳೆ ಎರಡು ಪಾಳಿ ಮಾಡ್ಲಿ’ ಎಂದೋ, ‘ಅವಳಿಗೆ ಮನೇಲೂ ಕೆಲಸ, ಇಲ್ಲೂ ಕೆಲಸ’ ಎಂದೋ ಹೇಳುತ್ತದೆ. ತೀರ್ಮಾನ ಏನೇ ಇರಲಿ, ಕೊಟ್ಟ ಕಾರಣದಲ್ಲಿ ಇನ್ನೊಬ್ಬರ ಪರಿಸ್ಥಿತಿ ಬಂದಿದೆಯೇ ಎಂದು ನೋಡಿ.

19ನೇ ನಂಬರಿನ ಹುಡುಗಿಯನ್ನು ಕೇಳಿದರೆ ಹೇಳುತ್ತಾಳೆ: ‘ನಾನೇ ಮಾಡ್ತೀನಿ ಸರ್. ಹುಡುಗೀರೇ ಮಾಡಬೇಕಲ್ಲ.’ ಅವಳ ದುಡಿಮೆ ನಿಜ. ಆದರೆ ನಾವು ಅಳೆಯಲು ಹೊರಟದ್ದು ನ್ಯಾಯವಾದ ಹಂಚಿಕೆಯನ್ನು, ಅವಳಿಗೆ ಅದನ್ನು ಯಾರೂ ಕಲಿಸಿಲ್ಲ.

ಹಂತ 5: ಅಂಕ ಬೇಡ, ವಿವರಣೆ ಇರಲಿ

ನಾಲ್ಕು ಸುತ್ತಿನ ಟಿಪ್ಪಣಿಯನ್ನೂ ಮಾತುಕತೆಯನ್ನೂ ಎದುರಿಗಿಟ್ಟುಕೊಂಡು ಪ್ರತಿ ಮಗು ಎಲ್ಲಿ ನಿಂತಿದೆ ನೋಡಿ. ಮೂರು ಮೆಟ್ಟಿಲು ಸಾಕು. ಮೊದಲನೆಯದು: ಹೇಳಿದರೆ ಮಾತ್ರ ಮಾಡುತ್ತದೆ. ಎರಡನೆಯದು: ತನ್ನ ಪಾಲನ್ನು ಹೇಳಿಸಿಕೊಳ್ಳದೆ ಮಾಡುತ್ತದೆ. ಮೂರನೆಯದು: ಹಂಚಿಕೆ ಸರಿಯಿದೆಯೇ ಎಂದು ಯೋಚಿಸಿ, ಇಲ್ಲದಿದ್ದರೆ ಕೇಳುತ್ತದೆ ಅಥವಾ ಸರಿಪಡಿಸುತ್ತದೆ. 19ನೇ ನಂಬರು ಎರಡನೇ ಮೆಟ್ಟಿಲಲ್ಲಿದ್ದಾಳೆ.

7ನೇ ನಂಬರಿನವನ ಲೆಕ್ಕ ಅಷ್ಟು ಸುಲಭವಲ್ಲ. ಕೋಣೆಯಲ್ಲಿ ಕಸಬರಿಗೆ ಮುಟ್ಟದವನು ಬಿಸಿಯೂಟದ ಸಾಲಿನಲ್ಲಿ ಒಂದನೇ ತರಗತಿಯ ಮಗುವನ್ನು ತನ್ನ ಮುಂದೆ ನಿಲ್ಲಿಸಿಕೊಂಡು, ತಾಟು ಹಿಡಿದುಕೊಟ್ಟ. ಎರಡನ್ನೂ ಕೂಡಿಸಿ ಭಾಗಿಸಿ ‘ಸಾಧಾರಣ’ ಎಂದರೆ ಇಬ್ಬಗೆಯೂ ಅಳಿಸಿಹೋಗುತ್ತದೆ. ಹೀಗೆ ಬರೆಯಿರಿ: ‘ಚಿಕ್ಕವರಿಗೆ ತಾನಾಗಿಯೇ ನೆರವಾಗುತ್ತಾನೆ. ಹುಡುಗಿಯರ ಕೆಲಸ ಎಂದುಕೊಂಡದ್ದನ್ನು ಇನ್ನೂ ಒಪ್ಪಿಲ್ಲ.’ ಕಡತ ಗ್ರೇಡ್ ಕೇಳಿದರೆ ಗ್ರೇಡ್ ಹಾಕಿ, ಪಕ್ಕದಲ್ಲೇ ಈ ಎರಡು ವಾಕ್ಯವನ್ನೂ ಬರೆಯಿರಿ.

ಇಲ್ಲಿ ಮೂರು ತಪ್ಪು ಸಾಮಾನ್ಯ. ಗಣಿತದಲ್ಲಿ ಮುಂದಿರುವ ಮಗು ಗುಣದಲ್ಲೂ ಮುಂದೆ ಎಂದು ಭಾವಿಸುವುದು ಮೊದಲನೆಯದು. ಅಂಕಪಟ್ಟಿಯ ಮೊದಲ ಐದು ಹೆಸರೇ ಮೌಲ್ಯದ ಪಟ್ಟಿಯಲ್ಲೂ ಮೊದಲ ಐದಾಗಿದ್ದರೆ ನಿಮ್ಮ ಟಿಪ್ಪಣಿಯನ್ನು ಮತ್ತೆ ಓದಿ. ಮಾತು ಕಡಿಮೆ ಆಡುವ ಮಗುವನ್ನು ಕೆಳಗಿಡುವುದು ಎರಡನೆಯದು. ಮನೆಯ ಪರಿಸ್ಥಿತಿಗೆ ಮಗುವಿನ ಮೇಲೆ ತಪ್ಪು ಹೊರಿಸುವುದು ಮೂರನೆಯದು. ನಸುಕಿನಲ್ಲೇ ಎದ್ದು ದನ ಬಿಟ್ಟು ಬಂದ ಹುಡುಗ ಬೆಳಗಿನ ಪಾಳಿ ತಪ್ಪಿಸಿದರೆ ಅದು ಸ್ವಾರ್ಥವಲ್ಲ. ಅವನಿಗೆ ಮಧ್ಯಾಹ್ನದ ಪಾಳಿ ಕೊಟ್ಟು ನೋಡಿ.

ಹಂತ 6: ಮಗುವಿಗೆ ಹೇಳಿ, ಪಟ್ಟಿ ಬದಲಿಸಿ

ಟಿಪ್ಪಣಿಯನ್ನು ಮಗು ಒಂದೇ ಇದ್ದಾಗ ಓದಿ ಹೇಳಿ, ಎಲ್ಲರ ಮುಂದೆ ಬೇಡ. ಆಮೇಲೆ ಮೊದಲ ದಿನ ನಕಲು ಮಾಡಿಕೊಂಡ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆಯಿರಿ. ಹೆಸರು ಬೇಡ, ಯಾವ ಕೆಲಸಕ್ಕೆ ಎಷ್ಟು ಹುಡುಗರು, ಎಷ್ಟು ಹುಡುಗಿಯರು ಎಂಬ ಸಂಖ್ಯೆಯಷ್ಟೇ ಇರಲಿ. ಕಸ ಹೊಡೆಯುವುದು: 0 ಮತ್ತು 5. ಗಂಟೆ: 4 ಮತ್ತು 0. ‘ಇದು ಸರಿಯೇ?’ ಎಂದು ಕೇಳಿ ಸುಮ್ಮನಿರಿ. ಚರ್ಚೆ ಅವರೇ ಮಾಡಲಿ, ಹೊಸ ಪಟ್ಟಿಯನ್ನೂ ಅವರೇ ಬರೆಯಲಿ. ಬಳಿಕ ಇನ್ನೊಂದು ಸುತ್ತು ಗಮನಿಸಿ. 7ನೇ ನಂಬರು ಎರಡು ದಿನ ಕಸ ಹೊಡೆದು ಮೂರನೇ ದಿನ ಕಸಬರಿಗೆಯನ್ನು ಪಕ್ಕದವಳಿಗೆ ಕೊಡಬಹುದು. ಅದನ್ನೂ ಹಾಗೆಯೇ ಬರೆಯಿರಿ. ಅವಳು ‘ಇವತ್ತು ನಿನ್ನ ಪಾಳಿ’ ಎಂದು ವಾಪಸ್ ಕೊಟ್ಟರೆ ಅವಳ ನಂಬರಿನ ಮುಂದೆಯೂ ಬರೆಯಿರಿ. ಮೂರನೇ ಮೆಟ್ಟಿಲು ಅದೇ.

ಈ ವಿಧಾನಕ್ಕೂ ಮಿತಿಯಿದೆ. ಶಾಲೆಯ ಅಂಗಳದಲ್ಲಿ ಕಂಡದ್ದು ಮನೆಯಲ್ಲೂ ಇದೆ ಎಂದು ಇದರಿಂದ ಹೇಳಲಾಗದು. ಶಿಕ್ಷಕರ ಕೋಣೆಯ ಕಸವನ್ನು ದಿನವೂ ಹುಡುಗಿಯರಿಂದಲೇ ಹೊಡೆಸುವ ಶಾಲೆಯಲ್ಲಿ ಇದು ನಡೆಯುವುದೂ ಇಲ್ಲ. ಹಾಗಾಗಿ ಟಿಪ್ಪಣಿ ಪುಸ್ತಕ ತೆರೆಯುವ ಮುಂಚೆ ಆ ಕೋಣೆಯ ಕಸಬರಿಗೆ ಯಾರ ಕೈಯಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ.